ಗೋಡೆ ಕೊರೆಯುವ ಮೊದಲೇ ಬೆಲೆ ಹೇಳಿ

ಗೃಹಪ್ರವೇಶಕ್ಕೆ ಇನ್ನೊಂದು ವಾರ ಇರುವಾಗ ಎಲೆಕ್ಟ್ರಿಷಿಯನ್ ಕೊನೆಯ ಬಿಲ್ ಕೊಡುತ್ತಾರೆ. ಆರಂಭದಲ್ಲಿ ಒಪ್ಪಿಕೊಂಡಿದ್ದು 46 ಸಾವಿರ ರೂಪಾಯಿ. ಬಿಲ್ಲಿನಲ್ಲಿ ಇರುವುದು 51 ಸಾವಿರದ ಚಿಲ್ಲರೆ. ‘ಇದೇನಪ್ಪಾ ಇಷ್ಟು ಜಾಸ್ತಿ?’ ಎಂದು ಮನೆಯವರು ಕೇಳುತ್ತಾರೆ. ‘ಎಕ್ಸ್‌ಟ್ರಾ ಕೆಲಸ ಎಷ್ಟಾಯ್ತು ನೋಡಿ ಸರ್, ನೀವೇ ಹೇಳಿದ್ರಲ್ಲ’ ಎಂದು ಅವರು ಉತ್ತರಿಸುತ್ತಾರೆ. ಇಬ್ಬರ ಮಾತೂ ನಿಜ. ಕೆಲಸ ಹೇಳಿದ್ದು ಹೌದು, ಮಾಡಿದ್ದೂ ಹೌದು. ಅದಕ್ಕೆ ಬೇರೆ ದುಡ್ಡಾಗುತ್ತದೆ ಎಂಬ ಒಂದು ಮಾತನ್ನು ಮಾತ್ರ ಹೇಳಬೇಕಾದ ದಿನ ಯಾರೂ ಹೇಳಲಿಲ್ಲ.

ಈ ಜಗಳ ಎಲೆಕ್ಟ್ರಿಷಿಯನ್ನರಿಗೆ ಮಾತ್ರ ಸೇರಿದ್ದಲ್ಲ. ಬಡಗಿ, ಪ್ಲಂಬರ್, ಪೇಂಟರ್, ಮನೆಯ ನಕ್ಷೆ ಬರೆಯುವ ಎಂಜಿನಿಯರ್, ಪುಸ್ತಕದ ಪುಟ ವಿನ್ಯಾಸ ಮಾಡುವವರು, ಹೀಗೆ ಮೊದಲೇ ದರ ಹೇಳಿ ಕೆಲಸ ಹಿಡಿಯುವ ಎಲ್ಲರಿಗೂ ಬರುತ್ತದೆ. ಆದರೆ ಮನೆಯ ವೈರಿಂಗ್ ಕೆಲಸದಲ್ಲಿ ಇದು ಎಲ್ಲರ ಕಣ್ಣಿಗೆ ಕಾಣುವ ಹಾಗೆ ನಡೆಯುತ್ತದೆ. ಇಲ್ಲಿ ಕೆಲಸವನ್ನು ಪಾಯಿಂಟ್ ಲೆಕ್ಕದಲ್ಲಿ ಎಣಿಸಬಹುದು. ಒಂದು ಸಣ್ಣ ಬದಲಾವಣೆಯನ್ನು ಯಾವ ದಿನ ಕೇಳಿದರು ಎಂಬುದರ ಮೇಲೆ ಅದರ ಖರ್ಚು ಹೇಗೆ ಏರುತ್ತದೆ ಎಂಬುದೂ ಸ್ಪಷ್ಟವಾಗಿ ತೋರುತ್ತದೆ. ಆದ್ದರಿಂದ ಇದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕೊಟೇಷನ್ನಿನಲ್ಲಿ ಏನಿತ್ತು?

ಮೈಸೂರಿನಲ್ಲಿ 30–40 ಅಡಿಯ ನಿವೇಶನದಲ್ಲಿ ಕಟ್ಟುತ್ತಿರುವ ಎರಡು ಅಂತಸ್ತಿನ ಮನೆ ಎಂದಿಟ್ಟುಕೊಳ್ಳಿ. ಸಾಮಾನು ಮನೆಯವರದು, ಕೂಲಿ ಎಲೆಕ್ಟ್ರಿಷಿಯನ್‌ರದು. ನಮ್ಮ ಊರುಗಳಲ್ಲಿ ಹೀಗೆ ಲೇಬರ್ ಕಾಂಟ್ರ್ಯಾಕ್ಟ್ ಕೊಡುವುದು ರೂಢಿ. ಲೈಟ್, ಫ್ಯಾನ್, 6 ಆಂಪ್ ಸಾಕೆಟ್ ಸೇರಿ 80 ಸಣ್ಣ ಪಾಯಿಂಟ್, ಒಂದಕ್ಕೆ 350 ರೂಪಾಯಿಯಂತೆ 28,000. ಗೀಸರ್, ಎಸಿ, ವಾಷಿಂಗ್ ಮೆಷಿನ್‌ಗೆ 16 ಪವರ್ ಪಾಯಿಂಟ್, ಒಂದಕ್ಕೆ 600ರಂತೆ 9,600. ಡಿಬಿ ಬಾಕ್ಸ್, ಮೀಟರ್ ಬೋರ್ಡ್ ಮತ್ತು ಅರ್ಥಿಂಗ್‌ಗೆ ಒಟ್ಟಾಗಿ 8,400. ಎಲ್ಲ ಸೇರಿ 46,000. ದರ ಊರಿಂದೂರಿಗೆ ಬೇರೆಯಾಗುತ್ತದೆ. ಇಲ್ಲಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು.

ಈ ಕೊಟೇಷನ್ನಿನ ಬಲ ಇರುವುದು ಅದರ ಎಣಿಕೆಯಲ್ಲಿ. ‘ಪೂರ್ತಿ ಮನೆ ವೈರಿಂಗ್, 46 ಸಾವಿರ’ ಎಂದಷ್ಟೇ ಬರೆದಿದ್ದರೆ ಮುಂದೆ ಯಾವುದು ಒಳಗಿನ ಕೆಲಸ, ಯಾವುದು ಹೊರಗಿನದು ಎಂದು ತೀರ್ಮಾನಿಸಲು ಗೆರೆಯೇ ಇರುತ್ತಿರಲಿಲ್ಲ. ಆಗ ಮನೆಯವರ ಮನಸ್ಸಿನಲ್ಲಿ ಕ್ಯಾಮೆರಾ ವೈರು ‘ಪೂರ್ತಿ ಮನೆ’ಗೆ ಸೇರಿರುತ್ತದೆ, ಎಲೆಕ್ಟ್ರಿಷಿಯನ್ ಮನಸ್ಸಿನಲ್ಲಿ ಸೇರಿರುವುದಿಲ್ಲ. ಹೆಚ್ಚುವರಿ ಹಣ ಕೇಳುವ ಹಕ್ಕು ಮೊದಲ ದಿನದ ಈ ಎಣಿಕೆಯಿಂದಲೇ ಹುಟ್ಟುತ್ತದೆ. ಎಣಿಕೆಯ ಕೆಳಗೆ ಇನ್ನೊಂದು ಸಾಲು ಇರಬೇಕು: ‘ಇದಕ್ಕಿಂತ ಹೆಚ್ಚಿನ ಅಥವಾ ಬೇರೆ ಕೆಲಸವಿದ್ದರೆ ಮೊದಲೇ ದರ ತಿಳಿಸಿ, ನಿಮ್ಮ ಒಪ್ಪಿಗೆ ಪಡೆದ ಮೇಲೆ ಮಾಡಲಾಗುವುದು.’

ಅದೇ ಪಾಯಿಂಟ್, ಬೇರೆ ಖರ್ಚು

ವೈರಿಂಗ್ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಮೋಲ್ಡ್ ಹಾಕುವ ಮೊದಲು ಕಂಬಿಯ ನಡುವೆ ಪೈಪ್ ಹಾಯಿಸಬೇಕು. ಗೋಡೆ ಎದ್ದ ಮೇಲೆ, ಪ್ಲಾಸ್ಟರಿಂಗ್‌ಗೆ ಮುಂಚೆ, ಗೋಡೆ ಕೊರೆದು ಪೈಪು ಮತ್ತು ಬಾಕ್ಸ್ ಕೂರಿಸಬೇಕು. ಪ್ಲಾಸ್ಟರಿಂಗ್ ಆದ ಮೇಲೆ ವೈರ್ ಎಳೆಯಬೇಕು. ಪೇಂಟಿಂಗ್ ಮುಗಿಯುವ ಹೊತ್ತಿಗೆ ಸ್ವಿಚ್ಚು, ಲೈಟು, ಫ್ಯಾನು ಬರುತ್ತವೆ.

ಮನೆಯವರಿಗೆ ಮನೆಯ ರೂಪ ಕಾಣತೊಡಗುವುದು ಗೋಡೆಗಳು ಎದ್ದ ಮೇಲೆ. ನಕ್ಷೆಯಲ್ಲಿ ಹೊಳೆಯದ್ದು ಖಾಲಿ ಕೋಣೆಯಲ್ಲಿ ನಿಂತಾಗ ಹೊಳೆಯುತ್ತದೆ. ಮಂಚ ಇಲ್ಲಿ ಬಂದರೆ ಸ್ವಿಚ್ ಕೈಗೆ ಸಿಗುವುದಿಲ್ಲ, ಟಿವಿ ಈ ಗೋಡೆಗಾದರೆ ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತದೆ. ಹೀಗಾಗಿ ಬದಲಾವಣೆ ಕೇಳುವುದು ಸಹಜ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಸಾಕೆಟ್ಟನ್ನು ಪ್ಲಾಸ್ಟರಿಂಗ್‌ಗೆ ಮೊದಲು ಕೇಳಿದರೆ ಅದು ಇನ್ನೊಂದು ಪಾಯಿಂಟ್ ಅಷ್ಟೇ. ಪುಟ್ಟಿ ಹಚ್ಚಿದ ಮೇಲೆ ಕೇಳಿದರೆ ಮುಗಿದ ಗೋಡೆ ಒಡೆಯಬೇಕು, ಗಾರೆಯವರು ಮತ್ತೆ ಮುಚ್ಚಬೇಕು, ಪೇಂಟರ್ ಮತ್ತೆ ಪುಟ್ಟಿ ಎಳೆಯಬೇಕು. ‘ಅಲ್ಲೊಂದು ಪಾಯಿಂಟ್ ಕೊಟ್ಬಿಡಿ’ ಎನ್ನುವವರಿಗೆ ಈ ಹಿಂದಿನ ಕೆಲಸ ಕಾಣುವುದಿಲ್ಲ. ಕೆಲಸ ಬಲ್ಲವರಿಗೆ ಕಾಣುತ್ತದೆ. ಆದ್ದರಿಂದ ಹೇಳುವ ಹೊಣೆ ಬಲ್ಲವರದೇ.

ನಾಲ್ಕು ಬದಲಾವಣೆ, ಒಂದು ಕಡಿತ

ನಮ್ಮ ಉದಾಹರಣೆಯ ಮನೆಯಲ್ಲಿ ಏನೇನಾಯಿತು ನೋಡೋಣ. ಪ್ಲಾಸ್ಟರಿಂಗ್‌ಗೆ ಮೊದಲು ಮನೆಯೊಡತಿ ಎರಡನೇ ಮಲಗುವ ಕೋಣೆಗೂ ಎಸಿ ಪಾಯಿಂಟ್ ಕೇಳಿದರು. ಇದು ಕೊಟೇಷನ್ನಿನಲ್ಲಿ ಆಗಲೇ ದರವಿರುವ ಕೆಲಸ, ಸಂಖ್ಯೆ ಮಾತ್ರ ಹೆಚ್ಚಾಯಿತು. ಹಾಗಾಗಿ ಅದೇ 600 ರೂಪಾಯಿ.

ಪುಟ್ಟಿ ಆದ ಮೇಲೆ ಟಿವಿಯನ್ನು ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಗೆ ಬದಲಾಯಿಸಿದರು. ಸಾಕೆಟ್, ಕೇಬಲ್, ಇಂಟರ್ನೆಟ್ ಸೇರಿ ನಾಲ್ಕು ಪಾಯಿಂಟ್, 1,400. ಮುಗಿದ ಗೋಡೆಯನ್ನು 12 ಅಡಿ ಕೊರೆಯಲು ಅಡಿಗೆ 60ರಂತೆ 720. ಒಟ್ಟು 2,120. ಹಳೆಯ ಗೋಡೆಯಲ್ಲಿ ಮಾಡಿದ ನಾಲ್ಕು ಪಾಯಿಂಟಿನ ಕೂಲಿ ಕಳೆಯುವುದಿಲ್ಲ, ಏಕೆಂದರೆ ಆ ಕೆಲಸ ಆಗಿಹೋಗಿದೆ.

ಹೊರಗೆ ಮೂರು ಕ್ಯಾಮೆರಾ ಪಾಯಿಂಟ್ ಬಂದವು. ಇಂಥ ಕೆಲಸ ಕೊಟೇಷನ್ನಿನಲ್ಲೇ ಇರಲಿಲ್ಲ, ಹೊಸ ದರ ಒಪ್ಪಬೇಕು. ಒಂದಕ್ಕೆ 500ರಂತೆ 1,500. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿದ್ದರಿಂದ 12 ಸ್ಪಾಟ್ ಲೈಟ್ ಬಂದವು, ಒಂದಕ್ಕೆ 150ರಂತೆ 1,800. ಮಹಡಿಯ ಸ್ಟೋರ್ ರೂಮ್ ಕೈಬಿಟ್ಟಿದ್ದರಿಂದ ಶುರುವೇ ಆಗದ ಎರಡು ಸಣ್ಣ ಪಾಯಿಂಟ್ ಉಳಿದವು, ಅದರ 700 ಕಳೆಯಬೇಕು.

ಹೆಚ್ಚುವರಿ 6,020, ಕಡಿತ 700, ಉಳಿದದ್ದು 5,320. ಕೊನೆಯ ಮೊತ್ತ 51,320.

ಸರ್ಕಾರಿ ಕಾಮಗಾರಿಗಳ ಲೆಕ್ಕದಲ್ಲಿಯೂ ಇಂಥ ವಿಂಗಡಣೆಯೇ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ಒಪ್ಪಿದ ಕೆಲಸದ ಪ್ರಮಾಣ ಹೆಚ್ಚುಕಡಿಮೆಯಾಗುವುದು, ಒಂದರ ಬದಲು ಇನ್ನೊಂದು ಮಾಡುವುದು, ಪೂರ್ತಿ ಹೊಸದನ್ನು ಸೇರಿಸುವುದು ಮೂರೂ ಬೇರೆ ಬೇರೆ. ಮನೆಯ ಕೆಲಸಕ್ಕೂ ಇದು ಉಪಯುಕ್ತ. ಪ್ರಮಾಣ ಹೆಚ್ಚಾದರೆ ಹಳೆಯ ದರ. ಹೊಸದಾದರೆ ದರವನ್ನು ಮೊದಲೇ ಮಾತಾಡಬೇಕು. ಬದಲಿಯಾದರೆ ಹಳೆಯದರಲ್ಲಿ ಎಷ್ಟು ಮಾಡಿಯಾಗಿದೆ, ಎಷ್ಟು ಉಳಿದಿದೆ ಎಂದು ನೋಡಿ ವ್ಯತ್ಯಾಸ ತೆಗೆಯಬೇಕು. ಕಡಿತವನ್ನು ತಾವಾಗಿಯೇ ತೋರಿಸುವ ಎಲೆಕ್ಟ್ರಿಷಿಯನ್‌ರ ಹೆಚ್ಚುವರಿ ಲೆಕ್ಕವನ್ನು ಮನೆಯವರು ನಂಬುತ್ತಾರೆ.

ಮೊದಲು ಹೇಳುವುದರಿಂದ ಏನು ಬದಲಾಗುತ್ತದೆ?

5,320 ರೂಪಾಯಿ ಮೊದಲು ಹೇಳಿದರೂ ಅಷ್ಟೇ, ಕೊನೆಗೆ ಹೇಳಿದರೂ ಅಷ್ಟೇ ಎಂದು ತೋರಬಹುದು. ಮನೆಯವರಿಗೆ ಅದು ಒಂದೇ ಅಲ್ಲ. ಟಿವಿ ಗೋಡೆ ಬದಲಾಯಿಸಲು 2,120 ಕೂಲಿ, ಜೊತೆಗೆ ಗಾರೆಯವರದು, ಪೇಂಟರ್‌ದು ಬೇರೆ ಎಂದು ಗೊತ್ತಾಗಿದ್ದರೆ ಕಿಟಕಿಗೆ ಪರದೆ ಹಾಕಿಸಿ ಸುಮ್ಮನಾಗುತ್ತಿದ್ದರೇನೋ. ಮೂರು ಕ್ಯಾಮೆರಾದ ಬದಲು ಗೇಟಿಗೆ ಒಂದು ಸಾಕೆನ್ನುತ್ತಿದ್ದರೇನೋ. ಮನೆ ಸಾಲವನ್ನು ಬ್ಯಾಂಕು ಹಂತ ಹಂತವಾಗಿ ಕೊಡುತ್ತದೆ. ಹೆಚ್ಚುವರಿ ಖರ್ಚಿಗೆ ಅದರಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ, ಕೈಯಿಂದಲೇ ಹಾಕಬೇಕು. ಗೃಹಪ್ರವೇಶದ ಹೊತ್ತಿಗೆ ಆ ಕೈ ಖಾಲಿಯಾಗಿರುತ್ತದೆ.

ಮೊದಲೇ ಹೇಳಿದಾಗ ಮನೆಯವರ ಕೈಯಲ್ಲಿ ‘ಬೇಡ’ ಎನ್ನುವ ಹಕ್ಕು ಉಳಿದಿರುತ್ತದೆ. ಕೆಲಸ ಮುಗಿಸಿ ಹೇಳಿದರೆ ಆ ಹಕ್ಕು ಹೋಗಿರುತ್ತದೆ. ಬಿಲ್ ನೋಡಿ ಸಿಟ್ಟಾಗುವವರು ಮೊತ್ತಕ್ಕಿಂತ ಹೆಚ್ಚಾಗಿ ತಮ್ಮನ್ನು ಕೇಳದೆ ತೀರ್ಮಾನವಾಯಿತೆಂದು ನೊಂದಿರುತ್ತಾರೆ. ಎಲೆಕ್ಟ್ರಿಷಿಯನ್‌ಗೂ ಇದರಲ್ಲಿ ನಷ್ಟವೇ. ‘ಆಯ್ತು, 49 ಸಾವಿರಕ್ಕೆ ಮುಗಿಸಿಬಿಡಿ’ ಎಂಬ ಮಾತಿಗೆ ಕೊನೆಗೆ ಒಪ್ಪಬೇಕಾಗುತ್ತದೆ. ಹೀಗೆ ಬಿಟ್ಟುಕೊಟ್ಟ 2,320 ರೂಪಾಯಿ ಕೆಲಸದ ಹುಡುಗರಿಗೆ ಆಗಲೇ ಕೊಟ್ಟ ಕೂಲಿ.

ಯಾವಾಗ, ಯಾರಿಗೆ, ಹೇಗೆ?

ಹೇಳುವ ಹೊತ್ತು ಒಂದೇ: ಕೇಳಿದ ದಿನ, ಗೋಡೆಗೆ ಮೆಷಿನ್ ಇಡುವ ಮೊದಲು. ಸೈಟಿನಲ್ಲಿ ನಿಂತಾಗ ಬಾಯಲ್ಲಿ ಹೇಳಿದರೆ ಸಾಕು: ‘ಆಯ್ತು ಅಮ್ಮ, ಮಾಡಿಕೊಡ್ತೀವಿ. ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ, ಬೇರೆ ಆಗುತ್ತೆ. ಎಷ್ಟಾಗುತ್ತೆ ಅಂತ ಸಂಜೆ ಬರೆದು ಕಳಿಸ್ತೀನಿ, ನೋಡಿ ಹೂಂ ಅಂದ ಮೇಲೆ ಶುರು ಮಾಡೋಣ.’ ಇದರಲ್ಲಿ ಒರಟುತನವಿಲ್ಲ, ಕೆಲಸ ನಿರಾಕರಿಸಿದ್ದೂ ಇಲ್ಲ. ‘ನೋಡೋಣ ಬಿಡಿ’, ‘ಕೊನೆಗೆ ಮಾತಾಡೋಣ’ ಎಂಬ ಮಾತುಗಳೇ ಅಪಾಯ. ಹೇಳಿದವರು ದುಡ್ಡು ಬರುತ್ತದೆ ಎಂದುಕೊಳ್ಳುತ್ತಾರೆ, ಕೇಳಿದವರು ಬಿಟ್ಟಿ ಎಂದುಕೊಳ್ಳುತ್ತಾರೆ.

ಸಂಜೆಯ ವಾಟ್ಸ್ಆ್ಯಪ್ ಸಂದೇಶ ಹೀಗಿರಬಹುದು:

‘ನಮಸ್ಕಾರ ಸರ್. ಇಂದು ಸೈಟಿನಲ್ಲಿ ಮೇಡಂ ಹಾಲ್‌ನ ಟಿವಿ ಪಾಯಿಂಟ್‌ಗಳನ್ನು ಪಶ್ಚಿಮದ ಗೋಡೆಗೆ ಬದಲಾಯಿಸಲು ಹೇಳಿದ್ದಾರೆ. ಇದು ನಮ್ಮ ಕೊಟೇಷನ್‌ನಲ್ಲಿ ಸೇರಿಲ್ಲ. 4 ಪಾಯಿಂಟ್ 1,400, ಗೋಡೆ ಕೊರೆಯುವುದು 12 ಅಡಿ 720, ಒಟ್ಟು ಕೂಲಿ 2,120 ರೂ. ಪೈಪು, ವೈರು, ಬಾಕ್ಸ್ ನಿಮ್ಮದು, ಪಟ್ಟಿ ಕಳಿಸುತ್ತೇನೆ. ಪ್ಲಾಸ್ಟರ್ ಮುಚ್ಚುವುದು, ಪುಟ್ಟಿ ಗಾರೆಯವರು ಮತ್ತು ಪೇಂಟರ್ ಲೆಕ್ಕಕ್ಕೆ ಬರುತ್ತದೆ. ಕೆಲಸ ಒಂದು ದಿನ ಹೆಚ್ಚಾಗುತ್ತದೆ. ಒಪ್ಪಿಗೆ ಎಂದು ಉತ್ತರಿಸಿದರೆ ನಾಡಿದ್ದು ಶುರು ಮಾಡುತ್ತೇವೆ. ಇದನ್ನು ಮುಂದಿನ ಬಿಲ್ಲಿನಲ್ಲಿ ಬೇರೆ ಸಾಲಾಗಿ ಸೇರಿಸುತ್ತೇನೆ.’

ಕೆಲಸ ಏನು, ಯಾರು ಹೇಳಿದರು, ಎಷ್ಟು, ಎಷ್ಟು ದಿನ, ಯಾವಾಗ ಬಿಲ್ ಎಂಬುದೆಲ್ಲ ಇದರಲ್ಲಿದೆ. ಹೆಚ್ಚಿನವರು ಮರೆಯುವುದು ಗಾರೆಯವರ ಮತ್ತು ಪೇಂಟರ್‌ರ ಸಾಲನ್ನು. ತಮ್ಮ ಬಿಲ್ಲಿಗೆ ಸೇರದಿದ್ದರೂ ಆ ಖರ್ಚನ್ನು ಹೇಳಲೇಬೇಕು, ಏಕೆಂದರೆ ಮನೆಯವರು ತೀರ್ಮಾನಿಸುವುದು ಒಟ್ಟು ಖರ್ಚು ನೋಡಿ. ಎಸಿ ಪಾಯಿಂಟಿಗೂ ಇದೇ ಮಾತು. ಎಸಿ ಹೆಚ್ಚಿದರೆ ವಿದ್ಯುತ್ ಕಂಪನಿಯಿಂದ ಮಂಜೂರು ಮಾಡಿಸಿಕೊಳ್ಳುವ ಲೋಡ್ ಹೆಚ್ಚಿಸಬೇಕಾಗಬಹುದು. ಮಂಜೂರಾದ ಲೋಡ್ ಮೇಲೆ ಪ್ರತಿ ತಿಂಗಳು ನಿಗದಿತ ಶುಲ್ಕ ಬರುತ್ತದೆ. 600 ರೂಪಾಯಿ ಪಾಯಿಂಟಿನ ಹಿಂದೆ ಈ ಖರ್ಚೂ ಇದೆ ಎಂದು ತಿಳಿಸಬೇಕು. ಎಲೆಕ್ಟ್ರಿಷಿಯನ್ ಜಿಎಸ್‌ಟಿ ನೋಂದಣಿ ಇರುವವರಾದರೆ ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆಯಬೇಕು.

ಮನೆ ಕಟ್ಟುವಾಗ ಸೈಟಿಗೆ ಬಂದವರೆಲ್ಲ ಸಲಹೆ ಕೊಡುತ್ತಾರೆ. ಯಜಮಾನರ ತಮ್ಮ, ಬೀಗರು, ವಾಸ್ತು ಹೇಳುವವರು, ಎಂಜಿನಿಯರ್, ಎಲ್ಲರೂ ಒಂದೊಂದು ಪಾಯಿಂಟ್ ತೋರಿಸಿ ಹೋಗುತ್ತಾರೆ. ಹಾಗಾಗಿ ಹೆಚ್ಚುವರಿ ಕೆಲಸಕ್ಕೆ ಒಪ್ಪಿಗೆ ಕೊಡುವವರು ಯಾರು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು. ಯಾರೇ ಹೇಳಿದರೂ ಸಂದೇಶ ಹೋಗಬೇಕಾದದ್ದು ಹಣ ಕೊಡುವವರಿಗೆ.

ಕೆಲವೊಮ್ಮೆ ನಿಖರ ಬೆಲೆ ಹೇಳಲಾಗದು. ಹಳೆಯ ಮನೆಯ ಗೋಡೆಯೊಳಗೆ ಪೈಪು ಕಟ್ಟಿಕೊಂಡಿದೆಯೋ ಇಲ್ಲವೋ ಒಡೆದು ನೋಡದೆ ಗೊತ್ತಾಗುವುದಿಲ್ಲ. ಆಗ ಅಡಿಯ ಅಥವಾ ದಿನಗೂಲಿಯ ದರ ಹೇಳಿ, ಜೊತೆಗೆ ಒಂದು ಮಿತಿ ಕೊಡಬೇಕು: ‘ಮೂರು ಸಾವಿರ ದಾಟುವ ಹಾಗಿದ್ದರೆ ನಿಲ್ಲಿಸಿ ನಿಮ್ಮನ್ನು ಕೇಳುತ್ತೇವೆ.’ ನಾಳೆ ಬೆಳಿಗ್ಗೆಯೇ ಮೋಲ್ಡ್ ಹಾಕುವುದಿದ್ದು, ಇಂದು ರಾತ್ರಿಯೇ ಪೈಪು ಹಾಯಿಸಬೇಕಾದರೆ ಸಂದೇಶಕ್ಕೆ ಕಾಯುವ ಸಮಯವಿರುವುದಿಲ್ಲ. ಅಂಥಲ್ಲಿ ಫೋನಿನಲ್ಲಿ ಬೆಲೆ ಹೇಳಿ ಒಪ್ಪಿಗೆ ಪಡೆದು, ಆಮೇಲೆ ಮಾತಾಡಿದ್ದನ್ನೇ ಬರೆದು ಕಳಿಸಬೇಕು.

ಎಲ್ಲವೂ ಎಕ್ಸ್‌ಟ್ರಾ ಅಲ್ಲ

ಕೊಟೇಷನ್ನಿನಲ್ಲಿ ಇದ್ದ ಕೆಲಸ ಮುಗಿಸಲು ಬೇಕಾದದ್ದೆಲ್ಲ ಆ ದರಕ್ಕೇ ಸೇರಿದೆ. ಎಣಿಕೆಯಲ್ಲಿರುವ ಗೀಸರ್ ಪಾಯಿಂಟಿಗೆ ಅರ್ಥ್ ವೈರ್ ಎಳೆದದ್ದಕ್ಕೆ ಬೇರೆ ಹಣ ಕೇಳುವಂತಿಲ್ಲ. ನಕ್ಷೆಯಲ್ಲಿ ತೋರಿಸಿದ್ದ ಬಾಕ್ಸನ್ನು ತಪ್ಪು ಎತ್ತರದಲ್ಲಿ ಇಟ್ಟು ಮತ್ತೆ ಸರಿಪಡಿಸಿದ್ದು ಎಲೆಕ್ಟ್ರಿಷಿಯನ್‌ರ ಸ್ವಂತ ಖರ್ಚು. ಕೂಲಿಯ ದರ ತಪ್ಪಾಗಿ ಕಡಿಮೆ ಹೇಳಿಬಿಟ್ಟೆ ಎಂಬುದೂ ಹೆಚ್ಚುವರಿ ಹಣಕ್ಕೆ ಕಾರಣವಲ್ಲ. ಗೊಂದಲವಾದರೆ ಒಂದು ಪ್ರಶ್ನೆ ಹಾಕಿಕೊಳ್ಳಬಹುದು: ಮನೆಯವರು ಮನಸ್ಸು ಬದಲಾಯಿಸದೆ ಇದ್ದಿದ್ದರೆ, ಗೋಡೆಯೊಳಗೆ ಯಾರಿಗೂ ಕಾಣದ ತೊಂದರೆ ಸಿಗದೆ ಇದ್ದಿದ್ದರೆ, ಈ ಕೆಲಸ ಮಾಡಬೇಕಿತ್ತೇ? ಮಾಡಬೇಕಿತ್ತು ಎಂದಾದರೆ ಅದು ಎಕ್ಸ್‌ಟ್ರಾ ಅಲ್ಲ.

ಪ್ರೀತಿಗೆ ಮಾಡಿಕೊಡುವ ಕೆಲಸವೂ ಇರುತ್ತದೆ. ದೇವರ ಮನೆಗೊಂದು ಸಣ್ಣ ಲೈಟ್ ಬಿಟ್ಟಿಯಾಗಿ ಹಾಕಿಕೊಟ್ಟರೆ ಅದನ್ನೂ ಲೆಕ್ಕದಲ್ಲಿ ಬರೆದು ಎದುರಿಗೆ ‘ಉಚಿತ’ ಎಂದು ಹಾಕಬೇಕು. ಇಲ್ಲವಾದರೆ ಮುಂದಿನ ಪಾಯಿಂಟೂ ಹಾಗೆಯೇ ಎಂಬ ಲೆಕ್ಕ ಮನೆಯವರ ಮನಸ್ಸಿನಲ್ಲಿ ಕೂರುತ್ತದೆ.

ಹೇಳದೆ ಮಾಡಿಯಾಗಿದ್ದರೆ?

ಬಿಲ್ ಬರೆಯುವ ಮೊದಲೇ ಹೋಗಿ ಕೂತು ಮಾತಾಡುವುದು ಉಳಿದಿರುವ ದಾರಿ. ಮಾಡಿದ್ದನ್ನು ಜಾಗಕ್ಕೇ ಕರೆದೊಯ್ದು ತೋರಿಸಿ, ಮೂಲ ಎಣಿಕೆಯ ಪಕ್ಕ ಇಟ್ಟು, ಮೊದಲೇ ತಿಳಿಸಬೇಕಿತ್ತು ಎಂದು ನೇರವಾಗಿ ಹೇಳಿ ಮೊತ್ತ ಕೇಳಬೇಕು. ಮನೆಯವರಿಗೆ ನಿರಾಕರಿಸುವ ಅವಕಾಶ ಸಿಗಲಿಲ್ಲವಾದ್ದರಿಂದ ಸ್ವಲ್ಪ ಬಿಟ್ಟುಕೊಡಲು ತಯಾರಿರುವುದು ನ್ಯಾಯ.

ಕಾನೂನು ಇಲ್ಲಿ ಪೂರ್ತಿ ಕೈಬಿಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಒಬ್ಬರು ಇನ್ನೊಬ್ಬರಿಗಾಗಿ ಕಾನೂನುಬದ್ಧವಾಗಿ, ಬಿಟ್ಟಿಯಾಗಿ ಮಾಡುವ ಉದ್ದೇಶವಿಲ್ಲದೆ ಕೆಲಸ ಮಾಡಿಕೊಟ್ಟು, ಆ ಇನ್ನೊಬ್ಬರು ಅದರ ಪ್ರಯೋಜನ ಪಡೆದರೆ, ಪರಿಹಾರ ಕೊಡಬೇಕಾಗುತ್ತದೆ. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಪ್ರಕರಣ ಇದಕ್ಕೆ ಪ್ರಸಿದ್ಧ. ಅಧಿಕಾರಿಗಳು ಕೇಳಿದ್ದಕ್ಕೆ ಗುತ್ತಿಗೆದಾರರು ಕಟ್ಟಡಗಳನ್ನು, ಕಚ್ಚಾ ರಸ್ತೆಯನ್ನು ಮಾಡಿಕೊಟ್ಟಿದ್ದರು. ಕಾನೂನು ಬಯಸುವ ರೂಪದ ಕರಾರು ಇರಲಿಲ್ಲ. ಆದರೂ ಸರ್ಕಾರ ಆ ಕೆಲಸವನ್ನು ಒಪ್ಪಿ ಬಳಸಿಕೊಂಡಿದ್ದರಿಂದ ಹಣ ಕೊಡಬೇಕೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಮಾಡಿದ್ದನ್ನು ಸ್ವೀಕರಿಸುವ ಅಥವಾ ಬೇಡವೆನ್ನುವ ಆಯ್ಕೆ ಎದುರಿನವರಿಗೆ ಇರುತ್ತದೆ, ಸ್ವಇಚ್ಛೆಯಿಂದ ಸ್ವೀಕರಿಸಿದಾಗಲೇ ಹೊಣೆ ಹುಟ್ಟುತ್ತದೆ.

ಆದರೆ ಆರು ಸಾವಿರ ರೂಪಾಯಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಹೋದರೂ ಯಾರು ಹೇಳಿದರು, ಬಿಟ್ಟಿ ಎಂದುಕೊಂಡಿದ್ದರೇ ಇಲ್ಲವೇ ಎಂಬುದನ್ನು ಸಾಬೀತು ಮಾಡಬೇಕು. ಸಂಜೆಯ ಒಂದು ಸಂದೇಶ ಮತ್ತು ಅದಕ್ಕೆ ಬಂದ ‘ಒಪ್ಪಿಗೆ’ ಇದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ಎಲೆಕ್ಟ್ರಾನಿಕ್ ಸಂದೇಶಗಳ ಮೂಲಕ ಆದ ಕರಾರು, ಆ ಕಾರಣಕ್ಕೇ ಅಸಿಂಧುವಾಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ.

ಮನೆ ಕಟ್ಟಿಸುತ್ತಿರುವವರಿಗೂ ಒಂದು ಮಾತು. ‘ಅಲ್ಲೊಂದು ಪಾಯಿಂಟ್ ಕೊಡಿ’ ಎನ್ನುವಾಗಲೇ ‘ಇದಕ್ಕೆ ಬೇರೆ ಎಷ್ಟಾಗುತ್ತೆ?’ ಎಂದು ಕೇಳಿ. ಬೆಲೆ ಬರೆದು ಕಳಿಸಿದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅವರು ನಿಮಗೆ ಬೇಡ ಎನ್ನುವ ಅವಕಾಶ ಕೊಡುತ್ತಿದ್ದಾರೆ. ಕೆಲಸ ಮಾಡುವವರೇ, ಆ ಸಂದೇಶ ಬರೆಯಲು ಐದು ನಿಮಿಷ ಸಾಕು. ಒಪ್ಪಿಗೆಯ ಉತ್ತರ ಬರುವ ತನಕ ಗೋಡೆಗೆ ಮೆಷಿನ್ ಇಡಬೇಡಿ.